ಎರಡನೆಯವರು ಉಳಿಸಿದ್ದು

ಇಡೀ ಆಸ್ಪತ್ರೆ ದೊಡ್ಡಮ್ಮ ಅಂತ ಕರೆಯುತ್ತಿದ್ದ ಗುಮಾಸ್ತೆಯನ್ನು ಕೆಲಸದಿಂದ ತೆಗೆದ ಸುದ್ದಿ ಬಿಲದಣ್ಣನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಡಳಿತಾಧಿಕಾರಿಯ ಕೋಣೆಯಿಂದ ಒಂದು ಚೀಟಿ ಬಂತು, ಅಷ್ಟೇ: ನೋಂದಣಿ ಕೌಂಟರಿನ ಹಿರಿಯ ಗುಮಾಸ್ತೆಯ ಲಾಗಿನ್ ಇವತ್ತೇ ಮುಚ್ಚಬೇಕು. ಅವನು ಚೀಟಿಯನ್ನು ಎರಡು ಸಲ ಓದಿ, ಹೇಳಿದಂತೆ ಮುಚ್ಚಿ, ಆಮೇಲೆ ಮಹಡಿ ಹತ್ತಿ ನೋಡಿದ. ಕೌಂಟರಿನ ಕುರ್ಚಿಯಲ್ಲಿ ಬೇರೆ ಯಾರೋ ಹುಡುಗಿ ಕೂತಿದ್ದಳು. ದೊಡ್ಡಮ್ಮನ ಬೆನ್ನುನೋವಿನ ದಿಂಬು ಮಾತ್ರ ಕುರ್ಚಿಯಲ್ಲೇ ಇತ್ತು.

ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುತ್ತಿದ್ದುದಕ್ಕೆ ಅವನಿಗೆ ಬಿಲದಣ್ಣ ಅನ್ನುವ ಹೆಸರು ಬಿದ್ದಿದ್ದು. ಇಟ್ಟವಳೂ ದೊಡ್ಡಮ್ಮನೇ. ಆಸ್ಪತ್ರೆಯ ರೋಗಿಗಳ ದಾಖಲೆಯ ಪ್ರೋಗ್ರಾಮು ಆರು ವರ್ಷದ ಹಿಂದೆ ಬರೆದವನು ಅವನು. ಅದು ಕೆಮ್ಮಿದರೂ ಸೀನಿದರೂ ಔಷಧಿ ಹಾಕುವವನೂ ಅವನೇ.

ಆಗಿದ್ದೇನೆಂದರೆ, ಮೂರನೇ ವಾರ್ಡಿನಲ್ಲಿ ಒಬ್ಬ ಮುದುಕರಿದ್ದರು. ಅವರಿಗೆ ಇದ್ದವಳು ಒಬ್ಬಳೇ ಮಗಳು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವಳು. ಒಂದು ಸೋಮವಾರ ಬೆಳಿಗ್ಗೆ ಅವಳು ಕೌಂಟರಿಗೆ ಬಂದು, ಹಳೇ ಫೋನು ಕಳೆದುಹೋಗಿದೆ, ಹೊಸ ನಂಬರ್ ಬರೆದುಕೊಳ್ಳಿ ಅಂದಳು. ದೊಡ್ಡಮ್ಮ ಅವಳ ಕಣ್ಣೆದುರೇ ಬರೆದುಕೊಂಡಳು. ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಿದಳು. ಮೂರನೇ ದಿನ ಬೆಳಿಗ್ಗೆ ಮುದುಕರ ಉಸಿರು ಕೆಟ್ಟಿತು. "ಮಗಳನ್ನ ಕರೀರಿ" ಅಂತ ಅವರು ಕೇಳುತ್ತಲೇ ಇದ್ದರು. ವಾರ್ಡಿನವರು ದಾಖಲೆ ತೆಗೆದು ಎಂಟು ಸಲ ಫೋನು ಮಾಡಿದರು. ಸ್ವಿಚ್ ಆಫ್. ಎಂಟು ಸಲವೂ ಕಳೆದುಹೋದ ನಂಬರಿಗೇ. ಮಧ್ಯಾಹ್ನ ಭೇಟಿಯ ಹೊತ್ತಿಗೆ ಮಗಳು ಒಗೆದ ಬನಿಯನ್ನೂ ಗಡ್ಡ ಹೆರೆಯುವ ರೇಜರೂ ಹಿಡಿದು ಬಂದರೆ, ಹಾಸಿಗೆ ಖಾಲಿಯಾಗಿತ್ತು, ಮೇಲೆ ಹೊದಿಕೆಯೂ ಇರಲಿಲ್ಲ.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ದಾಖಲೆಯಲ್ಲಿ ಹೊಸ ನಂಬರ್ ಇಲ್ಲ. ಕಡೆಯ ಬಾರಿ ಬದಲಿಸಿದವರು ಮೂರನೇ ವಾರ್ಡಿನ ಸಿಸ್ಟರ್. ತಾನು ಮುಟ್ಟಿದ್ದು ಹಾಸಿಗೆಯ ಸಂಖ್ಯೆಯನ್ನು ಮಾತ್ರ ಅಂದರು ಅವರು. ಅಂದಮೇಲೆ ದೊಡ್ಡಮ್ಮ ಹಾಕಲೇ ಇಲ್ಲ. "ಹಾಕಿದ್ದೀನಿ ಸಾರ್, ನನ್ನ ಮಕ್ಕಳಾಣೆ" ಅಂದಳಂತೆ ಆಕೆ. ಆಣೆಗೆ ಆ ಕಡತದಲ್ಲಿ ಕಾಲಂ ಇರಲಿಲ್ಲ.

ಬಿಲದಣ್ಣ ಕೆಳಗೆ ಬಂದು ಕೂತ. ಅವನಿಗೆ ಅನುಮಾನವಿರಲಿಲ್ಲ, ನೆನಪಿತ್ತು. ಎಂಟು ತಿಂಗಳ ಹಿಂದೆ ತಾನೇ ಬರೆದಿಟ್ಟ ಕೆಲಸದ ಪಟ್ಟಿಯಲ್ಲಿ ಹದಿನೇಳನೇ ಸಾಲು: 'ಇಬ್ಬರು ಒಂದೇ ದಾಖಲೆ ತೆರೆದರೆ?' ಅದರ ಮುಂದೆ, 'ಅಪರೂಪ. ಆಮೇಲೆ ನೋಡೋಣ.'

ಪರೀಕ್ಷೆಗೆಂದು ಒಂದು ಸುಳ್ಳು ರೋಗಿಯನ್ನು ಸೃಷ್ಟಿಸಿ, ಅವನ ದಾಖಲೆಯನ್ನು ಎರಡು ಕಂಪ್ಯೂಟರಿನಲ್ಲಿ ತೆರೆದ. ಮೊದಲನೆಯದರಲ್ಲಿ ಸಿಸ್ಟರ ಹಾಗೆ ಹಾಸಿಗೆಯ ಸಂಖ್ಯೆ ಬದಲಿಸಿ, ಉಳಿಸದೆ ಹಾಗೇ ಬಿಟ್ಟ. ಎರಡನೆಯದರಲ್ಲಿ ದೊಡ್ಡಮ್ಮನ ಹಾಗೆ ನಂಬರ್ ಬದಲಿಸಿ ಉಳಿಸಿದ. 'ಉಳಿಸಲಾಗಿದೆ' ಅಂತ ಹಸಿರು ಅಕ್ಷರ ಬಂತು. ಮತ್ತೆ ಮೊದಲನೆಯದಕ್ಕೆ ಬಂದು ಉಳಿಸಿದ. ಅಲ್ಲೂ ಹಸಿರು ಅಕ್ಷರ. ಈಗ ದಾಖಲೆ ತೆರೆದರೆ ಹಾಸಿಗೆ ಹೊಸದು, ನಂಬರ್ ಹಳೆಯದು. ಅವನ ಪ್ರೋಗ್ರಾಮು ಬದಲಾದ ಒಂದು ಖಾನೆಯನ್ನು ಮಾತ್ರ ಬರೆಯುತ್ತಿರಲಿಲ್ಲ; ತೆರೆದಾಗ ಕಂಡ ಇಡೀ ಪುಟವನ್ನೇ ತಿರುಗಿ ಬರೆಯುತ್ತಿತ್ತು. ಸಿಸ್ಟರು ತೆರೆದಾಗ ಹಳೇ ನಂಬರಿತ್ತು. ಅದೂ ಜೊತೆಗೆ ಹೋಗಿ ಕೂತಿತು. ಸದ್ದಿಲ್ಲ, ಸುದ್ದಿಯಿಲ್ಲ.

ಸಿಸ್ಟರನ್ನು ಕೇಳಿದ. ಆಕೆ ಯೋಚಿಸಿ ಹೇಳಿದಳು: "ಹೌದಣ್ಣ, ಬೆಡ್ ನಂಬರ್ ಹಾಕ್ತಿದ್ದೆ, ಅಷ್ಟರಲ್ಲಿ ಆರನೇ ಬೆಡ್ಡಿನವರು ಬಿದ್ದುಬಿಟ್ರು. ಓಡಿದೆ. ವಾಪಸ್ ಬರೋಕೆ ಅರ್ಧ ಗಂಟೆ ಆಯ್ತು. ಬಂದು ಉಳಿಸು ಒತ್ತಿದೆ. ಯಾಕೆ?"

"ಏನಿಲ್ಲ ಸಿಸ್ಟರ್" ಅಂದ.

ಆಡಳಿತಾಧಿಕಾರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವರು ಕೆಟ್ಟವರಲ್ಲ, ದಣಿದವರು.

"ಹೀಗೆ ಆಗಬಹುದು ಅಂತೀರಾ, ಹೀಗೇ ಆಯ್ತು ಅಂತೀರಾ?"

ಬಿಲದಣ್ಣ ಸರ್ವರಿನ ಲಾಗ್ ತೆಗೆದು ತಂದಿದ್ದ. ಹತ್ತೂ ಹತ್ತಕ್ಕೆ ಸಿಸ್ಟರ್ ತೆರೆದಿದ್ದು, ಹತ್ತೂ ಇಪ್ಪತ್ತನಾಲ್ಕಕ್ಕೆ ದೊಡ್ಡಮ್ಮ ಉಳಿಸಿದ್ದು, ಹತ್ತೂ ನಲವತ್ತೊಂದಕ್ಕೆ ಸಿಸ್ಟರ್ ಉಳಿಸಿದ್ದು, ಮೂರೂ ಅದರಲ್ಲಿದ್ದವು.

"ಆ ಗುಮಾಸ್ತೆ ಉಳಿಸಿದಾಗ ಅದರಲ್ಲಿ ಹೊಸ ನಂಬರ್ ಇತ್ತು ಅಂತ ಇದರಲ್ಲಿದೆಯಾ?"

"ಇಲ್ಲ ಸಾರ್. ಯಾರು, ಯಾವಾಗ ಅಂತಷ್ಟೇ ಇದೆ. ಏನು ಅಂತ ಇಲ್ಲ."

"ಬದಲಿಸದೇನೂ ಉಳಿಸಬಹುದಲ್ವಾ?"

"ಉಳಿಸಬಹುದು ಸಾರ್. ಆದರೆ..."

"ನೋಡಿ, ಮುಂದೆ ಆಗದ ಹಾಗೆ ಸರಿ ಮಾಡಿ. ಸುಧಾರಣೆ ಅಂತ ಬರೆಯಿರಿ. ದೋಷ ಅನ್ನೋ ಪದ ಬೇಡ. ಆ ಮಗಳು ವಕೀಲರ ಹತ್ತಿರ ಹೋಗಿದ್ದಾಳೆ."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಿದ್ದರು. ಎಮ್ಮೆ ತನ್ನದು ಅಂತ ಹೇಳಲು ಹೋದವನ ಬಾಯಿಗೂ ಬೀಗ ಬಿತ್ತು. ಅವನು ಕೆಳಗಿಳಿದು ಕೆಲಸಕ್ಕೆ ಕೂತ.

ಕೆಲಸವೇನು ದೊಡ್ಡದಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿದ್ದು. ಪ್ರತಿ ದಾಖಲೆಗೂ ಆವೃತ್ತಿ ಅಂತ ಒಂದು ಕಾಲಂ ಸೇರಿಸಿದ. ಯಾರೇ ದಾಖಲೆ ತೆರೆದರೂ ಆಗಿನ ಆವೃತ್ತಿಯ ಸಂಖ್ಯೆ ಪುಟದ ಜೊತೆ ಹೋಗುತ್ತದೆ, ಉಳಿಸುವಾಗ ವಾಪಸ್ ಬರುತ್ತದೆ. ಬರೆಯುವ ಆಜ್ಞೆಗೆ ಒಂದೇ ಷರತ್ತು: ಆವೃತ್ತಿ ಇನ್ನೂ ಅದೇ ಇದ್ದರೆ ಮಾತ್ರ ಬರೆ, ಬರೆಯುವಾಗಲೇ ಸಂಖ್ಯೆಯನ್ನು ಒಂದು ಹೆಚ್ಚಿಸು. ನಡುವೆ ಇನ್ನೊಬ್ಬರು ಉಳಿಸಿದ್ದರೆ ಸಂಖ್ಯೆ ಮುಂದೆ ಹೋಗಿರುತ್ತದೆ, ಷರತ್ತು ಕೂಡುವುದಿಲ್ಲ, ಒಂದು ಸಾಲೂ ಬದಲಾಗುವುದಿಲ್ಲ. ಬದಲಾದ ಸಾಲು ಸೊನ್ನೆ ಎಂದು ಕಂಡರೆ ಪ್ರೋಗ್ರಾಮು ಹಸಿರು ಅಕ್ಷರ ತೋರಿಸದೆ ಹೇಳಬೇಕು: ನೀವು ತೆರೆದ ಮೇಲೆ ಬೇರೆಯವರು ಬದಲಿಸಿದ್ದಾರೆ, ಇದು ಅವರದ್ದು, ಇದು ನಿಮ್ಮದು, ನೋಡಿ. ಯಾರ ದಾಖಲೆಗೂ ಬೀಗ ಹಾಕುವ ಗೋಜಿಲ್ಲ. ಓಡಿಹೋದ ಸಿಸ್ಟರಿಗಾಗಿ ಕೌಂಟರು ಕಾಯಬೇಕಾಗಿಲ್ಲ.

ದಾಖಲೆಗೆ ಬರೆಯುವ ದಾರಿಗಳೆಲ್ಲ ಹುಡುಕಿದ. ವಾರ್ಡಿನ ಟ್ಯಾಬ್ಲೆಟ್ಟು, ಪ್ರಯೋಗಾಲಯದ ವರದಿ, ಬಿಡುಗಡೆಯ ಚೀಟಿ. ಒಂದು ದಾರಿ ಬಿಟ್ಟರೂ ಕಳ್ಳ ಅಲ್ಲಿಂದಲೇ ಬರುತ್ತಾನೆ. ಪರೀಕ್ಷೆಯೂ ಸೇರಿ ನಾಲ್ಕು ದಿನ. ನಾಲ್ಕೇ ದಿನದ ಕೆಲಸವನ್ನು ಎಂಟು ತಿಂಗಳು ಮುಂದೂಡಿದ್ದ.

ಐದನೇ ದಿನ ದೊಡ್ಡಮ್ಮನ ಮನೆ ಹುಡುಕಿಕೊಂಡು ಹೋದ. ಮೂರನೇ ಮಹಡಿ, ಮೆಟ್ಟಿಲ ಮೇಲೆ ಯಾರದೋ ಸೈಕಲ್ಲು. ಆಕೆ ಬಾಗಿಲು ತೆಗೆದು, "ಬಿಲ ಬಿಟ್ಟು ಬಂದ್ಯಲ್ಲೋ" ಅಂದಳು. ನಗು ಅರ್ಧಕ್ಕೇ ನಿಂತಿತು. ಅವನು ಎಲ್ಲ ಹೇಳಿದ, ಪಟ್ಟಿಯ ಹದಿನೇಳನೇ ಸಾಲನ್ನೂ ಬಿಡದೆ.

ಆಕೆ ಸೆರಗಿನ ಅಂಚು ಮಡಿಸಿದಳು.

"ಅಂದ್ರೆ ನಾನು ಹಾಕಿದ್ದೆ."

"ಹಾಕಿದ್ರಿ ದೊಡ್ಡಮ್ಮ."

"ನಿಂಗೆ ಹೇಗೆ ಗೊತ್ತು? ತೋರಿಸ್ತೀಯಾ?"

ಅವನು ತಲೆ ತಗ್ಗಿಸಿದ. "ಹೀಗೆ ಆಗುತ್ತೆ ಅಂತ ತೋರಿಸಬಲ್ಲೆ. ಅವತ್ತು ಹೀಗೇ ಆಯ್ತು ಅಂತ ತೋರಿಸೋಕೆ ಏನೂ ಉಳಿದಿಲ್ಲ. ಹೊಸ ಕಾಲಂ ಇನ್ನು ಮುಂದಿನದನ್ನ ಮಾತ್ರ ಕಾಯುತ್ತೆ. ಹಳೇ ದಾಖಲೆಗಳಿಗೆಲ್ಲ ಆವೃತ್ತಿ ಒಂದು ಅಂತ ಹಾಕಿದ್ದೀನಿ."

"ಮೊದಮೊದಲು ನಂಗೆ ಗಟ್ಟಿಯಾಗಿ ಗೊತ್ತಿತ್ತು ಕಣೋ, ಹಾಕಿದ್ದೀನಿ ಅಂತ. ಎಲ್ಲರೂ ಇಲ್ಲ ಇಲ್ಲ ಅಂದಂದು, ಈಗ ನಂಗೇ ಸಂಶಯ. ಕನಸಲ್ಲೂ ಅಂಕಿ ಒತ್ತುತಾ ಇರ್ತೀನಿ, ಬೆರಳೇ ಏಳಲ್ಲ." ಎದ್ದು ನೀರು ತಂದುಕೊಟ್ಟಳು. "ನೀನು ಒಳ್ಳೆಯವನು, ಬಂದು ಹೇಳಿದೆ. ಆದ್ರೆ ನೀನು ಹೇಳಿದ್ದಕ್ಕೂ ನಂಬಿಕೆ ಬರ್ತಿಲ್ಲ ನೋಡು. ಸಮಾಧಾನಕ್ಕೆ ಹೇಳ್ತಿದ್ದೀಯ ಅನ್ನಿಸುತ್ತೆ."

ಮಾರನೇ ದಿನ ಅವನು ಎಲ್ಲವನ್ನೂ ಕಾಗದದಲ್ಲಿ ಬರೆದು, ಸಹಿ ಹಾಕಿ, ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟ. ಅದಕ್ಕೆ ಉತ್ತರ ಬರಲಿಲ್ಲ. ಅವರು ಕರೆಸಿ ಹೇಳಿದ್ದು ಬೇರೆಯೇ ದೂರು.

"ನಿಮ್ಮ ಎಚ್ಚರಿಕೆಯ ಪುಟ ತಲೆ ತಿಂತಿದೆಯಂತೆ. ಉಳಿಸೋಕೆ ಬಿಡಲ್ಲ ಅಂತ ಮೂರು ವಾರ್ಡಿನವರು ಬಂದಿದ್ರು. 'ನನ್ನದೇ ಉಳಿಸು' ಅಂತ ಒಂದು ಬಟನ್ ಕೊಡಿ."

"ಹಾಗೆ ಮಾಡಿದ್ರೆ ಹಳೇ ರೋಗವೇ ಸಾರ್. ನೋಡದೆ ಒತ್ತುತಾರೆ."

"ಒತ್ತಲಿ. ಆಗ ಒತ್ತಿದವರ ತಪ್ಪು, ಯಂತ್ರದ್ದಂತೂ ಅಲ್ಲವಲ್ಲ."

ಅವನು ವಾದಿಸಿದ, ಸೋತ, ಬಟನ್ ಕೊಟ್ಟ. ಒತ್ತಿದರೆ ಅಳಿಸಿಹೋಗುವುದು ಏನು ಅಂತ ಪಕ್ಕದಲ್ಲೇ ಕೆಂಪಕ್ಷರದಲ್ಲಿ ಕಾಣುವ ಹಾಗೆ ಮಾಡಿದ. ಅಳಿದದ್ದು ಬೇರೆ ಕಡೆ ದಾಖಲಾಗುವ ಹಾಗೂ ಮಾಡಿದ. ತಿಂಗಳು ಕಳೆದ ಮೇಲೆ ಲೆಕ್ಕ ನೋಡಿದರೆ, ನಲವತ್ತೊಂದು ಸಲ ಇಬ್ಬರು ಒಂದೇ ದಾಖಲೆಯ ಮೇಲೆ ಡಿಕ್ಕಿ ಹೊಡೆದಿದ್ದರು. ಮೂವತ್ತಾರು ಸಲ ಬಟನ್ ಒತ್ತಿದ್ದರು, ಹೆಚ್ಚಿನವರು ಎರಡೇ ಸೆಕೆಂಡಿನಲ್ಲಿ. ಐದು ಸಲ ಯಾರೋ ನಿಂತು ಓದಿದ್ದರು. ಅಪರೂಪ ಅಂತ ಬರೆದಿದ್ದ ಅವನು, ಆರು ವರ್ಷಕ್ಕೆ ಎಷ್ಟಾಯಿತು ಅಂತ ಗುಣಿಸಲು ಹೋಗಿ ಪೆನ್ನು ಕೆಳಗಿಟ್ಟ.

ಆ ವಾರವೇ ಮುದುಕರ ಮಗಳು ಅಪ್ಪನ ದಾಖಲೆಯ ಪ್ರತಿ ಕೇಳಿಕೊಂಡು ಬಂದಳು. ಕೌಂಟರಿನ ಹುಡುಗಿ ಅವಳನ್ನು ಕೆಳಕ್ಕೆ ಕಳಿಸಿದಳು. ಮಗಳ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಆ ಬೆರಳನ್ನೇ ಅವನು ತೆಗೆದುಕೊಟ್ಟ ಪ್ರತಿಯ ಮೇಲೆ ಓಡಿಸಿ ಕೇಳಿದಳು:

"ಇದರಲ್ಲಿ ನಾನು ಕೊಟ್ಟ ನಂಬರ್ ಎಲ್ಲಿ?"

ಮಾತಾಡಬಾರದು ಅಂತ ಅಪ್ಪಣೆಯಿತ್ತು. ಅವನು ಮಾತಾಡಿದ. ಕುರ್ಚಿ ಕೊಟ್ಟು, ಎರಡು ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಮನ್ನೇ ತೆರೆದು, ಮಾಡಿ ತೋರಿಸಿದ. ಅವಳು ಎರಡು ಹಸಿರು ಅಕ್ಷರಗಳನ್ನೂ ನೋಡಿದಳು.

"ಆ ಅಮ್ಮ ಬರೆದಿದ್ರು. ನಾನು ನೋಡಿದ್ದೆ."

"ಹೌದು."

"ಆ ಸಿಸ್ಟರದ್ದೂ ತಪ್ಪಿಲ್ಲ."

"ಇಲ್ಲಮ್ಮ."

"ಹಾಗಾದ್ರೆ ನಾನು ಯಾರನ್ನ ಬೈಲಿ?"

"ನನ್ನನ್ನ" ಅಂದ ಬಿಲದಣ್ಣ.

ಅವಳು ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂತ ಅವನು ಕಾದ. ಬೈದರೆ ಸಾಕು ಅಂತಲೂ ಕಾದ. ಪಕ್ಕದ ಕೋಣೆಯಲ್ಲಿ ಯಂತ್ರ ಬಟ್ಟೆ ಹಿಂಡಿ ನಿಂತಿತು. ಬೈಯುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, "ಕಾರ್ಖಾನೆಗೆ ಹೊತ್ತಾಯ್ತು" ಅಂದು ಎದ್ದಳು. ಮೆಟ್ಟಿಲ ದೀಪ ಎಲ್ಲಿ ಹಾಕಬೇಕು ಅಂತ ಕೇಳಿದಳು. ಅವನು ಹೋಗಿ ಹಾಕಿದ.