ಹಿಮ್ಮಡಿಯ ಮೂರು ಹೊಲಿಗೆ

ನಮ್ಮ ಆಫೀಸಿನಲ್ಲಿ ಶೂಗಳಿರುವುದಿಲ್ಲ, ಶೂಗಳ ಫೋಟೋಗಳಿರುತ್ತವೆ. ಜನ ತಮ್ಮ ಆಟದ ಶೂಗಳನ್ನು ನಮ್ಮ ಆ್ಯಪ್‌ನಲ್ಲಿ ಮಾರಾಟಕ್ಕಿಡುತ್ತಾರೆ, ಅವು ಅಸಲಿಯೋ ನಕಲಿಯೋ ಎಂದು ಫೋಟೋ ನೋಡಿ ಹೇಳುವುದು ನನ್ನ ಕೆಲಸ. ಅಂಟಿನ ವಾಸನೆ ಮೂಸುವ ಹಾಗಿಲ್ಲ, ಬಗ್ಗಿಸಿ ನೋಡುವ ಹಾಗಿಲ್ಲ. ಫೋಟೋ ನೋಡಿಯೇ ಮದುವೆಗೆ ಒಪ್ಪಿ ಆಮೇಲೆ ಪೇಚಾಡಿದವರಿಗೆ ನನ್ನ ಕಷ್ಟ ಅರ್ಥವಾದೀತು.

ಮೊದಲು ಡಬ್ಬಿಯ ಚೀಟಿ. ಅದರ ಮೇಲಿನ ಮಾದರಿ ಸಂಖ್ಯೆಯೂ ಶೂ ಒಳಗಿನ ನಾಲಿಗೆಯ ಚೀಟಿಯ ಸಂಖ್ಯೆಯೂ ಒಂದೇ ಇರಬೇಕು. ಬಾರ್‌ಕೋಡ್ ಪ್ರತಿ ಅಳತೆಗೂ ಬೇರೆ. ಏಳನೇ ನಂಬರಿನ ಡಬ್ಬಿಗೂ ಒಂಬತ್ತರ ಡಬ್ಬಿಗೂ ಒಂದೇ ಬಾರ್‌ಕೋಡ್ ಕಂಡರೆ ಮುಂದೆ ನೋಡುವುದೇ ಬೇಡ. ಆಮೇಲೆ ಅಡಿ: ಅಚ್ಚಿನ ಗೆರೆಗಳ ಅಂಚು ಚೂಪಾಗಿರಬೇಕು, ಅಂಟು ಹೊರಗೆ ಹರಡಿರಬಾರದು. ಕೊನೆಗೆ ಹೊಲಿಗೆ. ಡಬ್ಬಿ ಖಾಲಿಯಾಗಿಯೇ ಮಾರಾಟಕ್ಕೆ ಸಿಗುತ್ತದೆ, ಅಡಿಯ ಅಚ್ಚನ್ನು ಅಸಲಿಯಿಂದಲೇ ತೆಗೆಯುತ್ತಾರೆ. ಹೊಲಿಗೆಯಲ್ಲಿ ಮಾತ್ರ ಹೊಲಿದವರ ಕೈ ಉಳಿದುಬಿಡುತ್ತದೆ. ಇದನ್ನು ನನಗೆ ಕಂಪನಿ ಕಲಿಸಲಿಲ್ಲ. ಹೊಲಿಗೆ ಯಂತ್ರದ ಕಾಲಬುಡದಲ್ಲಿ ಬೆಳೆದವಳು ನಾನು. ಅಮ್ಮನಿಗೆ ಆ ಯಂತ್ರವೇ ಗಂಡ, ಅದೇ ಮನೆ.

ಆ ಬಿಳಿ ಶೂ ನನ್ನ ಪರದೆಗೆ ಬಂದದ್ದು ಎರಡನೇ ಅಭಿಪ್ರಾಯಕ್ಕೆ. ಹೊಸ ಮಾದರಿ, ಮಾರುಕಟ್ಟೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಪಕ್ಕದ ಮೇಜಿನವನು ಪಾಸ್ ಮಾಡಿದ್ದ. ಚೀಟಿ ಸರಿ, ಬಾರ್‌ಕೋಡ್ ಸರಿ, ಅಡಿ ಸರಿ. ಹಿಮ್ಮಡಿಯ ಪಟ್ಟಿಯನ್ನು ದೊಡ್ಡದು ಮಾಡಿ ನೋಡಿದೆ. ಹೊಲಿಗೆ ಮುಗಿಯುವಲ್ಲಿ ಕಾರ್ಖಾನೆಯ ಯಂತ್ರ ಬಂದ ದಾರಿಯ ಮೇಲೆಯೇ ನೇರವಾಗಿ ಎರಡು ಹೊಲಿಗೆ ಹಾಕಿ ನಿಲ್ಲುತ್ತದೆ. ಇಲ್ಲಿ ಮೂರಿದ್ದವು. ಮೂರೂ ತುಸು ಎಡಕ್ಕೆ ವಾಲಿದ್ದವು.

ನನ್ನ ಶಾಲೆಯ ಲಂಗದ ಅಂಚಿನಲ್ಲಿ, ಚೀಲದ ಹಿಡಿಯಲ್ಲಿ, ಮನೆಯ ದಿಂಬಿನ ಗವಸಿನಲ್ಲಿ ಕಂಡ ಮೂರು ಹೊಲಿಗೆ. "ಎರಡು ಹಾಕಿದ್ರೆ ಬಿಚ್ಕೊಳತ್ತೆ ಕಣೇ, ಮೂರು ಹಾಕಿದ್ರೆ ಸಾಯೋತನಕ ಇರತ್ತೆ" ಎನ್ನುವುದು ಅಮ್ಮನ ವೇದವಾಕ್ಯ. ಬಟ್ಟೆಯನ್ನು ಎಡಗೈಯಲ್ಲಿ ಎಳೆದು ಹಿಡಿಯುವುದರಿಂದ ಅವು ವಾಲುತ್ತವೆ.

ಕಳೆದ ಕೆಲವು ತಿಂಗಳಿಂದ ಅಮ್ಮನಿಗೆ ಮನೆಗೇ ಕೆಲಸ ಬರುತ್ತಿತ್ತು. ತಂದುಕೊಡುವವನನ್ನು ಬೀದಿಯವರೆಲ್ಲ ಗೋಣಿಚೀಲ ಎಂದೇ ಕರೆಯುತ್ತಾರೆ, ಹೆಗಲ ಮೇಲೆ ಅದಿಲ್ಲದೆ ಅವನನ್ನು ಕಂಡವರಿಲ್ಲ. ನಾನು ಇನ್ನೊಂದು ಕಡೆ ಕೋಣೆ ಮಾಡಿಕೊಂಡಿದ್ದೇನೆ, ರಜೆಯ ದಿನ ಅಮ್ಮನ ಹತ್ತಿರ ಹೋಗುತ್ತೇನೆ. ಯಂತ್ರದ ಪಕ್ಕ ಬಿಳಿಯ ಬಾಗಿದ ತುಂಡುಗಳ ರಾಶಿ ನೋಡಿದ್ದೆ. ಬ್ಯಾಗಿನ ಕೆಲಸ ಅಂದಿದ್ದಳು. ವಾರವೆಲ್ಲ ಶೂ ನೋಡಿ ನೋಡಿ ಸಾಕಾದವಳು ನಾನು, ಕೈಗೆತ್ತಿಕೊಂಡು ನೋಡಲಿಲ್ಲ.

"ಏನಮ್ಮಾ, ಇಷ್ಟು ಹೊತ್ತು? ಏನಾದ್ರೂ ಕಾಣಿಸ್ತಾ?" ಎಂದು ಮೇಲ್ವಿಚಾರಕರು ಹಿಂದಿನಿಂದ ಕೇಳಿದರು.

ನಕಲಿ ಎಂದು ಒತ್ತಿದರೆ ಏನಾಗುತ್ತದೆಂದು ಗೊತ್ತಿತ್ತು. ಅದೇ ಮಾರಾಟಗಾರನ ಜೋಡಿಗಳನ್ನೆಲ್ಲ ತೆಗೆಯುತ್ತಾರೆ, ಕಡತ ಶೂ ಕಂಪನಿಯ ವಕೀಲರಿಗೆ ಹೋಗುತ್ತದೆ, ಅಲ್ಲಿಂದ ಪೊಲೀಸರಿಗೆ. ಪೊಲೀಸರು ಮಾಲು ಎಲ್ಲಿ ತಯಾರಾಯಿತೆಂದು ಹುಡುಕಿಕೊಂಡು ಹೋಗುತ್ತಾರೆ. ಗೋಣಿಚೀಲ ಚೀಲ ಕೊಡವಿ ಓಡುತ್ತಾನೆ. ಯಂತ್ರ ಹೊತ್ತುಕೊಂಡು ಅಮ್ಮ ಎಲ್ಲಿಗೆ ಓಡಿಯಾಳು?

"ಇಲ್ಲ ಸರ್. ಸರಿಯಾಗಿದೆ" ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಇಷ್ಟು ಸುಲಭವಾಗಿ.

ಸಂಜೆ ನೇರ ಅಮ್ಮನ ಮನೆಗೆ ಹೋದೆ. ಯಂತ್ರ ಓಡುತ್ತಿತ್ತು. ಒಂದು ತುಂಡು ಎತ್ತಿಕೊಂಡು ಕೇಳಿದೆ: "ಇದು ಬ್ಯಾಗಾ ಅಮ್ಮಾ?"

ಅವಳು ಕನ್ನಡಕ ತೆಗೆದಳು. "ಶೂ ಅಂತೆ. ನಂಗೂ ಆಮೇಲೆ ಗೊತ್ತಾಯ್ತು. ಯಾಕೆ, ಹೊಲಿಗೆ ಚೆನ್ನಾಗಿಲ್ವಾ?"

"ಕಳ್ಳಮಾಲು ಅಮ್ಮಾ ಇದು! ಸಿಕ್ಕಿಬಿದ್ರೆ ನಿನ್ನ ಎಳ್ಕೊಂಡು ಹೋಗ್ತಾರೆ!"

"ನಾನೇನು ಕದ್ದಿದೀನೇನೆ? ಕೊಟ್ಟಿದ್ದನ್ನ ಹೊಲಿತೀನಿ." ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾಳೆಯಿಂದ ಬೇಡ ಅಂತೀನಿ ಬಿಡು. ಕಣ್ಣಲ್ಲಿ ನೀರು ಹಾಕ್ಬೇಡ."

ಮಾತಿನಂತೆ ನಡೆದುಕೊಂಡಳು. ಗೋಣಿಚೀಲ ಉಳಿದ ತುಂಡುಗಳನ್ನು ತುಂಬಿಕೊಂಡು ಹೋದ, ಮತ್ತೆ ಆ ಬೀದಿಗೆ ಬರಲಿಲ್ಲ. ಗಂಡಾಂತರ ಕಳೆಯಿತು ಎಂದುಕೊಂಡೆ, ನೆಮ್ಮದಿಯಾಗಿ ಉಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ನಮ್ಮಲ್ಲಿ ಒಂದು ಮಾದರಿ ಸಂಗ್ರಹ ಇದೆ. ಪ್ರತಿ ಶೂವಿನ ಅಸಲಿ ಫೋಟೋಗಳು ಅದರಲ್ಲಿರುತ್ತವೆ, ಹೊಸದಾಗಿ ಬಂದದ್ದನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಅಂಗಡಿಯಲ್ಲಿ ನಾವೇ ಕೊಂಡ ಜೋಡಿ ಮಾತ್ರ ಅದಕ್ಕೆ ಸೇರಬೇಕು ಎಂಬುದು ನಿಯಮ. ಆ ಬಿಳಿ ಶೂ ಬಂದ ಕೂಡಲೇ ಮಾರಿಹೋಗಿತ್ತು, ಅಂಗಡಿಗಳಲ್ಲಿ ಒಂದೂ ಸಿಗಲಿಲ್ಲ. ಇಬ್ಬರು ಪಾಸ್ ಮಾಡಿದ ಫೋಟೋ ಎಂದರೆ ಅಸಲಿ ತಾನೇ ಎಂದು ಮೇಲ್ವಿಚಾರಕರು ಅದನ್ನೇ ಸೇರಿಸಿಬಿಟ್ಟರು. ಹಿಮ್ಮಡಿಯ ಮೇಲೆ ಕೆಂಪು ವೃತ್ತ ಎಳೆದು ಕೆಳಗೆ ಬರೆದರು: ಮೂರು ಹೊಲಿಗೆ, ಎಡಕ್ಕೆ ಓರೆ. ಅಮ್ಮನ ಕೈ ಈಗ ಅಳತೆಗೋಲು.

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಹೆಂಗಸು ಅದೇ ಮಾದರಿಯ ಒಂದು ಜೋಡಿ ಮಾರಾಟಕ್ಕೆ ಇಟ್ಟಳು. ಪಕ್ಕದ ಮೇಜಿನವನು ನನ್ನ ಕಡೆ ಪರದೆ ತಿರುಗಿಸಿದ. "ನೋಡಿ ಅಕ್ಕಾ, ಎಷ್ಟು ಚೆನ್ನಾಗಿ ಮಾಡಿದಾರೆ! ಚೀಟಿ, ಅಡಿ ಎಲ್ಲಾ ಸರಿ. ಹಿಮ್ಮಡಿಲಿ ಮಾತ್ರ ಎರಡೇ ಹೊಲಿಗೆ, ನೆಟ್ಟಗಿದೆ. ನಕಲಿ ಅಲ್ವಾ?"

ಅದು ಅಸಲಿ. ನನ್ನ ಹೆಸರಿನಷ್ಟೇ ನಿಜ. ಇದು ಅಸಲಿ ಎಂದು ನಾನಂದರೆ, ಹಾಗಾದರೆ ಸಂಗ್ರಹದಲ್ಲಿರುವುದು ಏನು ಎಂದು ಕೇಳುತ್ತಾರೆ. ಅದನ್ನು ಪಾಸ್ ಮಾಡಿದ್ದು ಯಾರು, ಮಾರಿದವನು ಯಾರು, ಹೊಲಿದದ್ದು ಎಲ್ಲಿ? ಎಳೆ ಜಗ್ಗಿದರೆ ಅಮ್ಮನ ಯಂತ್ರದವರೆಗೆ ಬಿಚ್ಚಿಕೊಳ್ಳುತ್ತದೆ.

"ಹೂಂ. ನಕಲಿ" ಅಂದೆ.

ಆ ಹೆಂಗಸಿನ ಖಾತೆಯನ್ನು ಮುಚ್ಚಿದರು. ಮಾರನೇ ದಿನ ಅವಳ ಸಂದೇಶ ಬಂತು. ಬೈದಿರುತ್ತಾಳೆ ಎಂದುಕೊಂಡೇ ತೆರೆದೆ.

'ಶೂ ನನ್ನ ತಮ್ಮಂದು. ಅವನ ಮೊದಲ ಸಂಬಳದಲ್ಲಿ ತಗೊಂಡಿದ್ದು. ಅಕ್ಕಾ ಇದು ಒರಿಜಿನಲ್ ಕಣೇ ಅಂತ ಮನೆಯೆಲ್ಲ ಕುಣಿದಿದ್ದ, ಒಂದು ಸಲಾನೂ ಹಾಕ್ಕೊಳ್ಳಲಿಲ್ಲ. ಹೋದ ತಿಂಗಳು ಗಾಡಿ ಆಕ್ಸಿಡೆಂಟಲ್ಲಿ ಹೋಗಿಬಿಟ್ಟ. ನೋಡೋಕಾಗ್ದೆ ಮಾರೋಕೆ ಇಟ್ಟೆ. ಖಾತೆ ಮುಚ್ಚಿದ್ದಕ್ಕೆ ಬೇಜಾರಿಲ್ಲ. ನನಗೆ ಒಂದೇ ಒಂದು ಹೇಳಿ. ಅವನಿಗೆ ಯಾರೋ ಮೋಸ ಮಾಡಿದ್ರಾ, ಇಲ್ಲಾ ಅವನೇ ನಂಗೆ ಸುಳ್ಳು ಹೇಳಿದ್ನಾ?'

ಇಂಥ ಪ್ರಶ್ನೆಗಳಿಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ, ಆರಿಸಿ ಒತ್ತಿದರೆ ಸಾಕು. ತುಂಬಾ ಹೊತ್ತು ಒತ್ತಲಿಲ್ಲ. ಅವನು ಸುಳ್ಳು ಹೇಳಲಿಲ್ಲ ತಾಯಿ, ಸುಳ್ಳು ಹೇಳಿದ್ದು ನಾನು ಎಂದು ಟೈಪ್ ಮಾಡಿದೆ. ಫೋನು ಅದುರಿತು, ಅಮ್ಮ. ಪಕ್ಕದ ಮನೆಯವರು ರವಿಕೆ ಹೊಲಿಯಲು ಕೊಟ್ಟಿದ್ದಾರಂತೆ, ದಾರ ತರಬೇಕಂತೆ. ಅವಳ ದನಿ ಹಗುರವಾಗಿತ್ತು.

ತರ್ತೀನಿ ಅಂದು ಫೋನು ಇಟ್ಟೆ. ಟೈಪ್ ಮಾಡಿದ್ದನ್ನು ಅಳಿಸಿದೆ. ಪಟ್ಟಿಯಲ್ಲಿ ನಾಲ್ಕನೆಯ ಉತ್ತರ ಆರಿಸಿ ಒತ್ತಿದೆ: 'ನಮ್ಮ ತಜ್ಞರು ಹಿಮ್ಮಡಿಯ ಹೊಲಿಗೆಯನ್ನು ಪರಿಶೀಲಿಸಿದ್ದಾರೆ. ಇದು ನಕಲಿ.'