ಧನಗೆರೆಗೆ ಹೋದ ಜೋಳಿಗೆ

ನಮ್ಮ ಮನೆಯಲ್ಲಿ ತಿಗಣೆ ಸೇರಿಕೊಂಡ ಸಂಗತಿಯನ್ನು ನಾನು ಎರಡು ತಿಂಗಳು ಬಚ್ಚಿಟ್ಟೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ನೋಡುತ್ತೇನೆ, ತಲೆಯಲ್ಲಿ ಹೇನು ಕಂಡರೆ ಮನೆಗೆ ಚೀಟಿ ಬರೆದು ಕಳಿಸುತ್ತೇನೆ. ಅಂಥ ಮಾಲಿನಿ ಟೀಚರ್ ಸೆಕೆಯಲ್ಲೂ ತುಂಬು ತೋಳಿನ ರವಿಕೆ ತೊಟ್ಟು ಕೈಮೇಲಿನ ಗಂದೆ ಮುಚ್ಚಿಕೊಂಡು ಓಡಾಡುತ್ತಿದ್ದಳು.

ಅಮಾವಾಸ್ಯೆಗೆಂದು ಅತ್ತೆ ದೊಡ್ಡಬಸಮ್ಮನವರ ಜೊತೆ ಮಾದಪ್ಪನ ಬೆಟ್ಟಕ್ಕೆ ಹೋದಾಗ ಯಾವುದೋ ಲಾಡ್ಜಿನಲ್ಲಿ ಉಳಿದಿದ್ದೆವು. ಅಲ್ಲಿಂದಲೇ ಬಂದಿರಬೇಕು. ಅಂಗಡಿಯಿಂದ ಸ್ಪ್ರೇ ತಂದು ಎರಡು ಸಲ ಹೊಡೆದೆ. ಮಂಚದಲ್ಲಿದ್ದವು ಗೋಡೆಗೆ ಹೋದವು, ಗೋಡೆಯಲ್ಲಿದ್ದವು ಪಕ್ಕದ ಕೋಣೆಗೆ ಹೋದವು, ಅಷ್ಟೇ ಆದ ಉಪಕಾರ. ಕೊನೆಗೆ ಮೈಸೂರಿನ ಕಂಪನಿಯೊಂದಕ್ಕೆ ಫೋನ್ ಮಾಡಿ, ಬೋರ್ಡಿಲ್ಲದ ಗಾಡಿಯಲ್ಲಿ ಬನ್ನಿ ಎಂದೆ.

"ಎಲ್ಲಾರೂ ಅದನ್ನೇ ಕೇಳ್ತಾರೆ ಮೇಡಂ," ಎಂದರು ಬಂದ ಕುಮಾರಸ್ವಾಮಿ. ಟಾರ್ಚ್ ಹಿಡಿದು ಸ್ವಿಚ್ ಬೋರ್ಡಿನ ಹಿಂದೆ, ಬಾಗಿಲಿನ ಕೀಲಿನಲ್ಲಿ, ದೇವರ ಪಟದ ಬೆನ್ನಿನಲ್ಲಿ ಎಲ್ಲ ನೋಡಿದರು. ನೋಡಿದಲ್ಲೆಲ್ಲ ಇದ್ದವು. ಗ್ಯಾಸ್ ಹಾಕಿ ಒಂದೇ ಸಲಕ್ಕೆ ಮುಗಿಸಿಬಿಡಿ ಎಂದೆ.

"ಗ್ಯಾಸ್ ಆಗಲ್ಲ. ನಿಮ್ಮ ಗೋಡೆ ಪಕ್ಕದ ಮನೆಗೂ ಗೋಡೆ. ಮೇಲೆ ಹೆಂಚು. ಸಂದಿಯಿಂದ ಆ ಕಡೆ ಹೋದ್ರೆ ಮಲಗಿದೋರು ಏಳಲ್ಲ. ಪೂರ್ತಿ ಸೀಲ್ ಮಾಡಕ್ಕಾಗದ ಮನೆಗೆ ಲೈಸೆನ್ಸ್ ಇರೋ ಯಾರೂ ಹಾಕಲ್ಲ. ಮಂಚದ ಸಂದಿಗೆ ಸ್ಟೀಮ್ ಕೊಡೋಣ, ಮನೆಗೆ ಹೀಟ್ ಕೊಡೋಣ."

ಮನೆಯ ಒಳಗನ್ನು ಐವತ್ತೈದು ಡಿಗ್ರಿಗೆ ಏರಿಸಿ ಗಂಟೆಗಟ್ಟಲೆ ಹಿಡಿದಿಡುತ್ತಾರಂತೆ. ಗಾಳಿ ಕಾದರೆ ಸಾಲದು, ಹಾಸಿಗೆಯ ನಡುವೆ, ಬೀರುವಿನ ಮೂಲೆಯಲ್ಲಿ ಇಟ್ಟ ಸೆನ್ಸರ್ ಕೂಡ ಐವತ್ತು ದಾಟಬೇಕು, ಆಗಲೇ ಮೊಟ್ಟೆಯೂ ಸಾಯುವುದು. ನಾವು ಮಾಡಬೇಕಾದ್ದನ್ನು ಅವರು ಹಾಳೆಯಲ್ಲಿ ಬರೆದುಕೊಟ್ಟರು. ಸಿಲಿಂಡರ್, ಲೈಟರ್, ಸ್ಪ್ರೇ ಡಬ್ಬಿ, ಮೇಣದಬತ್ತಿ, ಕರ್ಪೂರ, ಮಾತ್ರೆಗಳು ಹೊರಗೆ ಹೋಗಬೇಕು. ದೀಪ ಆರಿಸಬೇಕು. ಬಟ್ಟೆ ಮಾತ್ರ ಒಳಗೇ ಇರಬೇಕು, ಅದೂ ಗಂಟು ಕಟ್ಟದೆ ಸಡಿಲವಾಗಿ, ಬೀರುವಿನ ಬಾಗಿಲು ತೆರೆದು. ಮೈಮೇಲೆ ಉಡುವುದನ್ನು ಕುದಿನೀರಿನಲ್ಲಿ ಒಗೆದು, ಕವರಿನಲ್ಲಿ ಕಟ್ಟಿಟ್ಟು, ಹೊರಡುವ ಹೊತ್ತಿಗೆ ಉಟ್ಟುಕೊಳ್ಳಬೇಕು.

"ಬಟ್ಟೆ, ಹಾಸಿಗೆ, ಚೀಲ ಯಾವುದನ್ನೂ ಬೇರೆ ಮನೆಗೆ ಒಯ್ಯಬೇಡಿ. ಒಂದು ಹೆಣ್ಣು ತಿಗಣೆ ಹೋದ್ರೂ ಸಾಕು," ಎಂದು ಅವರು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ನಾವು ಹೋಗಬೇಕಿದ್ದದ್ದು ಧನಗೆರೆಗೆ, ನನ್ನ ಗಂಡನ ಅಕ್ಕ ಶಿವಮ್ಮನವರ ಮನೆಗೆ. ಅವರ ಮಗಳು ದೀಪ ಬಾಣಂತನಕ್ಕೆ ಬಂದಿದ್ದಳು, ಎರಡು ತಿಂಗಳ ಕೂಸು. ಮನೆಗೆ ಪೇಂಟ್ ಹೊಡೆಸುತ್ತಿದ್ದೇವೆ, ವಾಸನೆ ಅತ್ತೆಗೆ ಆಗಲ್ಲ, ಎರಡು ದಿನ ಇರುತ್ತೇವೆ ಎಂದು ಅತ್ತಿಗೆಗೆ ಹೇಳಿದ್ದೆ.

ಆ ದಿನ ಗಾಡಿ ಬಂದು ನಿಂತಿದೆ, ಅತ್ತೆ ಮಾದಪ್ಪನ ಜೋಳಿಗೆಯನ್ನು ಎದೆಗವಚಿಕೊಂಡು ಹೊಸಿಲು ದಾಟಿದರು. ಸೋಮವಾರ ಐದು ಮನೆ ಭಿಕ್ಷೆ ಬೇಡುವ ಜೋಳಿಗೆ ಅದು. ಬೆಟ್ಟಕ್ಕೂ ಹೋಗಿತ್ತು, ಅದೇ ಲಾಡ್ಜಿನಲ್ಲೂ ಇತ್ತು, ಬಂದ ಮೇಲೆ ಅವರ ಮಂಚದ ತಲೆದೆಸೆಯ ಮೊಳೆಗೇ ನೇತಾಡುತ್ತಿತ್ತು.

"ಅತ್ತೆ, ಅದು ಒಳಗೇ ಇರಲಿ. ಸುಟ್ಟು ಹೋಗಲ್ಲ," ಎಂದೆ ಮೆಲ್ಲಗೆ.

"ಯಾರ್ ಯಾರೋ ಚಪ್ಪಲಿ ಆಕಂಡು ತಿರುಗಾಡೋ ಮನೇಲಿ ಮಾದಪ್ಪನ ಜೋಳ್ಗೆ ಬುಟ್ಟೋಗಾದಾ? ನಾ ಬುಡಾಕಿಲ್ಲ."

"ಹಂಗಾದ್ರೆ ಕವರಲ್ಲಿ ಬಿಗಿಯಾಗಿ ಕಟ್ಟಿಕೊಡ್ತೀನಿ."

"ದೇವರ್ನ ಪ್ಲಾಸ್ಟಿಕ್ಕಲ್ಲಿ ಕಟ್ಟೀಯಾ? ಓದಿದ್ದು ಜಾಸ್ತಿ ಆಯ್ತು ನಿಂಗೆ," ಎಂದು ಅತ್ತೆ ದನಿ ಏರಿಸಿದರು.

ಎದುರು ಮನೆಯ ಕಿಟಕಿ ತೆರೆಯಿತು. ನಾನು ಬಾಯಿ ಮುಚ್ಚಿಕೊಂಡೆ. ಕುಮಾರಸ್ವಾಮಿ ಹೀಟರಿನ ವೈರು ಎಳೆಯುತ್ತಾ, "ಕೈಯಲ್ಲಿ ಏನೂ ಇಲ್ವಲ್ಲ ಮೇಡಂ?" ಎಂದು ಒಳಗಿನಿಂದ ಕೂಗಿದರು. "ಮಾತ್ರೆ ಡಬ್ಬಿ ಅಷ್ಟೇ," ಎಂದೆ. ಜೋಳಿಗೆಯಲ್ಲೂ ತಿಗಣೆ ಹೋಗಬಹುದೆಂದು ಅತ್ತೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಈ ಮಾತನ್ನು ಎಷ್ಟು ತಿರುಗಿಸಿ ಬರೆದರೂ ತಪ್ಪು ನನ್ನದೇ.

ಧನಗೆರೆಯಲ್ಲಿ ಅತ್ತೆ ಜೋಳಿಗೆಯನ್ನು ದೀಪಳ ಮಂಚದ ಮೇಲಿನ ಮೊಳೆಗೆ ನೇತುಹಾಕಿದರು. ಕೂಸಿಗೆ ಮಾದಪ್ಪನ ಕಾವಲಿರಲಿ ಅಂತ. ಎರಡು ದಿನ ಕಳೆದು ಬಂದಾಗ ನಮ್ಮ ಮನೆ ಬಿಸಿಲಲ್ಲಿ ಒಣಗಿಸಿದಂತೆ ಹಗುರವಾಗಿತ್ತು. ಕೊನೆಯ ಸಲ ಪರೀಕ್ಷಿಸಲು ಬಂದಿದ್ದ ಕುಮಾರಸ್ವಾಮಿ ಜೋಳಿಗೆ ನೋಡಿ ಮುಖ ಗಂಟಿಕ್ಕಿದರು, ಅಲ್ಲೇ ಅದಕ್ಕೂ ನಿಧಾನವಾಗಿ ಸ್ಟೀಮ್ ಹಿಡಿದರು. "ಹೋಗಿದ್ದ ಮನೇಲೂ ಒಂದ್ಸಲ ನೋಡಿಸಿ," ಎಂದರು. ನೋಡಿಸಬೇಕೆಂದರೆ ಹೇಳಬೇಕಿತ್ತು. ನಾನು ಹೇಳಲಿಲ್ಲ.

ಐದು ವಾರಕ್ಕೆ ಅತ್ತಿಗೆಯ ಫೋನ್ ಬಂತು. ಕೂಸಿನ ಕೆನ್ನೆ, ತೋಳುಗಳಲ್ಲಿ ಸಾಲುಸಾಲಾಗಿ ಕೆಂಪು ಗಂದೆ. ಡಾಕ್ಟರು ತಿಗಣೆ ಎಂದರಂತೆ.

"ಈ ಚಾಮುಂಡಮ್ಮಂದೇ ಕೆಲ್ಸ ಕಣವ್ವ. ಕೂಸಿಗೆ ನೀರುಯ್ಯಾಕೆ ಬತ್ತಾಳಲ್ಲ. ಅವಳ ಗುಡುಸ್ಲಲ್ಲಿ ಇರಾವು ಸೀರೇಲಿ ಬಂದವೆ. ಅಂಗ್ ಬತ್ತವಾ ಮಾಲಿನಿ? ನೀ ಓದ್ದೋಳು, ನಿಂಗೆ ಗೊತ್ತಿರ್ತದೆ."

ಒಂದೇ ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು, "ಬಟ್ಟೇಲಿ ಬರಬಹುದು ಅತ್ತಿಗೆ." ವಿಜ್ಞಾನದ ಮಾತು, ಒಂದಕ್ಷರವೂ ತಪ್ಪಿಲ್ಲ.

ನಾಲ್ಕು ದಿನ ತಡೆದೆ. ಐದನೆಯ ದಿನ ಶಾಲೆಯಲ್ಲಿ ಒಬ್ಬ ಹುಡುಗಿಯ ತಲೆಯಲ್ಲಿ ಹೇನು ಸಿಕ್ಕಿತು. ಚೀಟಿ ಬರೆಯಲು ಕೂತವಳಿಗೆ ಪೆನ್ನು ಓಡಲಿಲ್ಲ. ರಜೆ ಹಾಕಿ, ಕುಮಾರಸ್ವಾಮಿಯನ್ನು ಕರೆಸಿಕೊಂಡು, ಅವರ ಗಾಡಿಯಲ್ಲೇ ಧನಗೆರೆಗೆ ಹೋಗಿ ಅತ್ತಿಗೆಯ ಮುಂದೆ ನಿಂತು ಎಲ್ಲ ಹೇಳಿದೆ. ಲಾಡ್ಜು, ಪೇಂಟಿನ ಸುಳ್ಳು, ಜೋಳಿಗೆ, ಫೋನಿನ ಮಾತು. ಅತ್ತಿಗೆ ಬೈಯಲಿಲ್ಲ. ದೀಪ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

"ನಂಗೇಳಿದ್ದು ಸರಿ. ಚಾಮುಂಡಮ್ಮನ್ಗೆ?" ಎಂದರು ಅತ್ತಿಗೆ ಕೊನೆಗೆ. "ಅವತ್ತೇ ಬ್ಯಾಡ ಬರಬ್ಯಾಡ ಅಂತ ಬೀದೀಲಿ ನಿಂತು ಅಂದ್ಬುಟ್ಟೆ. ನಾಕ್ ಜನ ಕೇಳುಸ್ಕಂಡ್ರು."

ಚಾಮುಂಡಮ್ಮನ ಮನೆ ಊರ ಕೊನೆಯಲ್ಲಿ. ಸಗಣಿ ಸಾರಿಸಿದ ನೆಲ ಕನ್ನಡಿಯಂತಿತ್ತು. ನನ್ನನ್ನು ಕಂಡು ಆಕೆ ಎದ್ದು ಬಾಗಿಲಿಗೆ ಬಂದಳು, ಒಳಗೆ ಕರೆಯಲಿಲ್ಲ.

"ಒಳೀಕೆ ಬರಬ್ಯಾಡಿ ಟೀಚರಮ್ಮ, ನಿಮ್ಗೂ ಅತ್ಕಂಡಾವು," ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನನ್ನ ಬಗ್ಗೆ ಹೆದರಿದ್ದಳು.

ಅವು ನಮ್ಮ ಮನೆಯವು, ನಾನೇ ತಂದದ್ದು, ನಿನ್ನ ಮನೆಯವಲ್ಲ ಎಂದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಆಕೆ ಹಿಂದೆ ತಿರುಗಿ ಬರಿದಾದ ನೆಲವನ್ನು ನೋಡಿದಳು. ಚಾಪೆಯೂ ಇರಲಿಲ್ಲ, ಹೊದಿಕೆಯೂ ಇರಲಿಲ್ಲ, ಒಂದು ಮೂಲೆಯಲ್ಲಿ ಮಡಕೆ ಮಾತ್ರ.

"ಕೌದಿ, ಚಾಪೆ ಎಲ್ಲಾನೂ ಇತ್ಲಲ್ಲಿ ಸುಟ್ಬುಟ್ಟೆ ಕಣವ್ವ. ನಮ್ಮವ್ವ ಒಲ್ದಿದ್ ಕೌದಿ. ಬಿಸಿಲ್ಗೆ ಆಕಿ ಕೊಡವಿ ಕೊಡವಿ ನೋಡ್ದೆ, ಒಂದೂ ಕಾಣ್ನಿಲ್ಲ. ಇಲ್ವೇನೋ ಅಂದ್ಕಂಡೆ. ಆಮೇಕೆ, ಟೀಚರಮ್ಮ ಏಳವ್ರಂತೆ, ಅವ್ರು ಸುಳ್ಳೇಳಾರಾ ಅಂತ ಬೆಂಕಿ ಇಟ್ಟೆ."