ಬಸ್ಸಿನ ಪ್ರಬಂಧಕ್ಕೆ ಬಂದ ಮೊಬೈಲು

ಚಳಿಗಾಲ ಇನ್ನೇನು ಕಾಲು ಕೀಳುವ ಹೊತ್ತು. ಆದರೂ ಸಂಜೆಯಾಯಿತೆಂದರೆ ಕಿವಿ ತಣ್ಣಗಾಗುತ್ತಿತ್ತು. ಅಂಥ ಒಂದು ಸಂಜೆ, ಬೀದಿದೀಪ ಹತ್ತುವ ವೇಳೆಗೆ, ದರ್ಜಿ ಅಂಗಡಿಯ ಮೇಲಿನ ಇಂಗ್ಲಿಷ್ ಕ್ಲಾಸಿನಿಂದ ನರ್ಸಮ್ಮ ಇಳಿದು ಬಂದಳು. ಕೈಯಲ್ಲಿ ತಿದ್ದಿ ಕೊಟ್ಟ ಪ್ರಬಂಧ, ಅದಕ್ಕೆ ಪಿನ್ನು ಹೊಡೆದ ಒಂದು ಚೀಟಿ. ಮೆಟ್ಟಿಲ ಮೇಲೇ ನಿಂತು ಓದಿದಳು. ಓದಿ ಮುಗಿಸುವಷ್ಟರಲ್ಲಿ ಮುಖಕ್ಕೆ ರಕ್ತ ನುಗ್ಗಿತ್ತು.

ನರ್ಸಮ್ಮ ಎಂದು ಕ್ಲಾಸಿನವರು ಕರೆಯುತ್ತಿದ್ದರೇ ಹೊರತು ಆಸ್ಪತ್ರೆಯಲ್ಲಿ ಅವಳು ನರ್ಸ್ ಅಲ್ಲ, ಸಹಾಯಕಿ. ನರ್ಸಿಂಗ್ ಓದಿ, ಬೇರೆ ಕಡೆ ವರ್ಷಗಟ್ಟಲೆ ದುಡಿದು, ಗಂಡನ ಹಿಂದೆ ಈ ದೇಶಕ್ಕೆ ಬಂದವಳು. ಇಲ್ಲಿ ನರ್ಸ್ ಎಂದು ಹೆಸರು ನೋಂದಾಯಿಸಬೇಕಾದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಇಷ್ಟು ಅಂಕ ಬೇಕೆಂದು ನಿಯಮ. ಕೇಳುವುದು, ಓದುವುದು, ಮಾತಾಡುವುದು, ಮೂರರಲ್ಲೂ ಅವಳು ಗಟ್ಟಿ. ಬರೆಯುವುದರಲ್ಲಿ ಮಾತ್ರ ಪ್ರತಿ ಸಲವೂ ಹೊಸ್ತಿಲಲ್ಲೇ ಎಡವುತ್ತಿದ್ದಳು. ಮೇಲಿನ ಮಹಡಿಯ ವಾರ್ಡಿನಲ್ಲಿ ಅವಳಿಗೆಂದು ಒಂದು ಜಾಗ ಕಾದಿರಿಸಿದ್ದರು. ಈ ಸಲವೂ ಆಗದಿದ್ದರೆ ಅದನ್ನು ಬೇರೆಯವರಿಗೆ ಕೊಡುತ್ತೇವೆಂದು ಮೇಟ್ರನ್ ಮೆಲ್ಲಗೇ ಹೇಳಿದ್ದರು. ಮೆಲ್ಲಗೆ ಹೇಳಿದ ಮಾತು ಬೈದದ್ದಕ್ಕಿಂತ ಹೆಚ್ಚು ದಿನ ಕಿವಿಯಲ್ಲಿ ಉಳಿಯುತ್ತದೆ.

ಮೊದಲ ಸಲ ಪರೀಕ್ಷೆಗೆ ಕೂತಾಗ ಅವಳಿಗೆ ಏನೂ ತೋಚಿರಲಿಲ್ಲ. ಬಿಳೀ ಹಾಳೆ ನೋಡುತ್ತಾ ನೋಡುತ್ತಾ ಅರ್ಧ ಸಮಯ ಹೋಗಿಬಿಟ್ಟಿತ್ತು. ಆಮೇಲೆ, ಪಾಸಾದ ಸಹೋದ್ಯೋಗಿಯೊಬ್ಬಳು ಒಂದು ಸಿದ್ಧ ಪ್ರಬಂಧ ಕೊಟ್ಟಳು. ಇಂದಿನ ವೇಗದ ಯುಗದಲ್ಲಿ ಇಂಥದ್ದು ಬಿಸಿಬಿಸಿ ಚರ್ಚೆಯ ವಿಷಯವಾಗಿದೆ ಎಂದು ಶುರು. ನಡುವೆ ಒಂದು ಕಡೆ ಒಳಿತು, ಇನ್ನೊಂದು ಕಡೆ ಕೆಡುಕು. ಕೊನೆಗೆ, ಒಟ್ಟಾರೆ ನೋಡಿದರೆ ಒಳಿತೇ ಹೆಚ್ಚು. ‘ಇಂಥದ್ದು’ ಎಂಬ ಜಾಗದಲ್ಲಿ ಪ್ರಶ್ನೆಯ ಪದ ತುಂಬಿದರೆ ಮುಗಿಯಿತು. ನರ್ಸಮ್ಮ ಅದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದಳು. ಕತ್ತಲ ಮೆಟ್ಟಿಲಲ್ಲಿ ಕಂಬಿ ಹಿಡಿದು ಇಳಿಯುವವರ ಹಾಗೆ ಅದನ್ನು ಹಿಡಿದುಕೊಂಡಿದ್ದಳು.

ಅವಳ ಗಂಡ ಬಸ್ ಡ್ರೈವರ್. ಅವನಿಗೂ ಕೇಳಿ ಕೇಳಿ ಅದು ಬಾಯಿಗೆ ಬಂದಿತ್ತು. ಆ ರಾತ್ರಿ ಊಟಕ್ಕೆ ಕೂತವನು ತಟ್ಟೆ ನೋಡಿ, “ಇಂದಿನ ವೇಗದ ಯುಗದಲ್ಲಿ ಸಾರಿಗೆ ಉಪ್ಪು ಬೇಕೋ ಬೇಡವೋ ಅನ್ನೋದು ಬಿಸಿಬಿಸಿ ಚರ್ಚೆಯ ವಿಷಯ ಕಣೇ” ಎಂದ.

ದಿನವೂ ನಗುತ್ತಿದ್ದವಳು ಅಂದು ನಗಲಿಲ್ಲ. ಚೀಟಿಯನ್ನು ತಟ್ಟೆಯ ಪಕ್ಕಕ್ಕೆ ತಳ್ಳಿದಳು. “ಓದ್ರೀ. ನನ್ನನ್ನ ಕಳ್ಳಿ ಅಂದಿದ್ದಾಳೆ ಆ ಹುಡುಗಿ.”

ಅವನು ಕೈ ಒರೆಸಿಕೊಂಡು ಓದಿದ. ಟೀಚರ್, ಒಂದು ಮಾತೂ ತಪ್ಪಿಹೋಗಬಾರದೆಂದು, ಕನ್ನಡದಲ್ಲೇ ಬರೆದಿದ್ದಳು.

“ಅಕ್ಕಾ, ಕಾಗುಣಿತ ಚೆನ್ನಾಗಿದೆ, ವ್ಯಾಕರಣದ ತಪ್ಪು ಕಡಿಮೆ. ಆದರೆ ಪ್ರಶ್ನೆಗೆ ಉತ್ತರ ಬಂದಿಲ್ಲ. ಬಸ್ ಪ್ರಯಾಣ ಉಚಿತವಾಗಬೇಕು ಎಂಬುದನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳಿದ್ದಾರೆ. ನೀವು ಬಸ್ಸಿನ ಒಳಿತು ಕೆಡುಕು ಹೇಳಿ, ಒಪ್ಪುತ್ತೀರೋ ಇಲ್ಲವೋ ಹೇಳಿಯೇ ಇಲ್ಲ. ನಾನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಸಾಲುಗಳನ್ನು ಯಾವ ಪ್ರಶ್ನೆಗೆ ಬೇಕಾದರೂ ಅಂಟಿಸಬಹುದು. ಪರೀಕ್ಷಕರು ಅಂಥವನ್ನು ಬೇಕಾದಷ್ಟು ನೋಡಿರುತ್ತಾರೆ, ಅವುಗಳಿಂದ ಅಂಕ ಹುಟ್ಟುವುದಿಲ್ಲ. ಕೊನೆಯ ಸಾಲಿನಲ್ಲಿ ಬಸ್ಸಿನ ಬದಲು ಮೊಬೈಲ್ ಫೋನು ಬಂದಿದೆ, ನೋಡಿ. ಇಡೀ ಪ್ರಬಂಧದಲ್ಲಿ, ನಡುವೆ ಗೆರೆ ಬೀಳದ ಒಂದೇ ಸಾಲು ನಿಮ್ಮದು. ಅದರಲ್ಲಿ ವ್ಯಾಕರಣದ ತಪ್ಪಿದೆ, ಇರಲಿ. ಆ ಸಾಲಿನಿಂದ ಶುರುಮಾಡಿ ಒಂದೇ ಒಂದು ಪ್ಯಾರಾ ಬರೆದು ತನ್ನಿ.”

“ಇದರಲ್ಲಿ ಕಳ್ಳಿ ಅಂತ ಎಲ್ಲಿದೆ?”

“ಒಂದೇ ಸಾಲು ನಿಮ್ಮದು ಅಂದ್ರೆ ಮಿಕ್ಕಿದ್ದು ಕದ್ದಿದ್ದು ಅಂತ ತಾನೇ? ಇವಳು ಬಾಯಿಬಿಟ್ಟು ಯಾರಿಗಾದ್ರೂ ಹೇಳಿದ್ರೆ ನನ್ನ ನೋಂದಣಿ ಗತಿ ಏನು?”

ಅವನು ಪ್ರಬಂಧದ ಹಾಳೆ ತಿರುವಿದ. ಉದ್ದಕ್ಕೂ ಪೆನ್ಸಿಲ್ ಗೆರೆ. ನಡುವೆ ಒಂದು ಸಾಲು ಮಾತ್ರ ಬರಿದಾಗಿ ಉಳಿದಿತ್ತು. ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ. ನನ್ನ ಗಂಡ ಬಸ್ ಓಡಿಸುತ್ತಾನೆ, ಜನಕ್ಕೆ ಟಿಕೆಟಿನ ಮೇಲೆ ಸಿಟ್ಟಿಲ್ಲ, ಕಾಯುವುದರ ಮೇಲೆ ಸಿಟ್ಟು ಎನ್ನುತ್ತಾನೆ.

“ಇದು ನಾನು ಹೇಳಿದ್ದಲ್ವೇನೇ?” ಎಂದ. “ಹಂಗಾದ್ರೆ ಈ ಸಾಲೂ ನಿಂದಲ್ಲ, ನಂದು!”

“ನಿಮಗೆ ಎಲ್ಲಾ ತಮಾಷೆ” ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಆ ಸಾಲನ್ನು ಅವಳು ಹೊಡೆದುಹಾಕಬೇಕೆಂದಿದ್ದಳು. ಎಲ್ಲಾ ದೊಡ್ಡ ದೊಡ್ಡ ಮಾತಿನ ನಡುವೆ ಅದೊಂದು ಮನೆಬಟ್ಟೆಯಲ್ಲಿ ಬಂದು ಕೂತ ಹಾಗೆ ಕಂಡಿತ್ತು.

ಮಾರನೇ ಸಂಜೆ ಕ್ಲಾಸು ಶುರುವಾಗುವ ಮೊದಲೇ ಹೋಗಿ, ಚೀಟಿಯನ್ನು ಮೇಜಿನ ಮೇಲಿಟ್ಟಳು. ಟೀಚರ್ ಅವಳಿಗಿಂತ ಚಿಕ್ಕವಳು. ಬೋರ್ಡು ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ಇತ್ತು.

“ಟೀಚರ್, ನಾನು ನಿಮ್ಮ ವಯಸ್ಸಲ್ಲಿ ವಾರ್ಡ್ ನೋಡ್ಕೊಂಡವಳು. ಕದ್ದು ಬರೆಯೋ ಜಾತಿ ನಂದಲ್ಲ.”

“ಅಯ್ಯೋ ಅಕ್ಕಾ, ನಾನು ಹಾಗೆ ಎಲ್ಲಿ ಅಂದೆ?”

“ಒಂದೇ ಸಾಲು ನಿಮ್ಮದು ಅಂದ್ರಲ್ಲ.”

ಟೀಚರಿಗೆ ಆಗ ತಿಳಿಯಿತು, ಚೀಟಿಯ ಯಾವ ಮಾತು ಮುಳ್ಳಾಗಿ ಹೊಕ್ಕಿದೆಯೆಂದು. “ಆ ಸಾಲು ಚೆನ್ನಾಗಿದೆ ಅಂತ ಹೇಳ್ಬೇಕಿತ್ತು. ನೆಟ್ಟಗೆ ಬರೀಲಿಲ್ಲ, ನನ್ನ ತಪ್ಪು” ಎಂದಳು. “ಆದ್ರೆ ಉಳಿದದ್ದನ್ನ ಬಿಡಲೇಬೇಕು ಅಕ್ಕಾ. ಅದರ ಮೇಲೆ ನಿಂತ್ರೆ ನಿಮ್ಮ ಅಂಕ ಇದ್ದಲ್ಲೇ ಇರುತ್ತೆ.”

“ಬಿಟ್ಟು? ಬಿಟ್ಟು ಏನು ಹಿಡ್ಕೊಳ್ಳಲಿ? ಮೊದಲ ಸಲದ ಹಾಗೆ ಬಿಳೀ ಹಾಳೆ ನೋಡ್ತಾ ಕೂರ್ಲಾ? ಪರೀಕ್ಷೆ ಬರೋ ಶನಿವಾರ. ಈಗ ಹೇಳ್ತೀರಲ್ಲ!”

“ಮೊದಲನೇ ಪ್ರಬಂಧದಿಂದಲೂ ಹೇಳ್ತಾನೇ ಇದೀನಿ.”

ನಿಜವೇ. ಹೇಳುತ್ತಲೇ ಇದ್ದಳು. ನರ್ಸಮ್ಮ ಅಂಕ ನೋಡಿ, ಕೆಳಗಿನದನ್ನು ಓದದೆ ಮಡಿಸಿಡುತ್ತಿದ್ದಳು. ಈ ಸಲ ಅಂಕವನ್ನೇ ಹಾಕದ್ದರಿಂದ ಓದಿದಳು. ಅದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು. ಬ್ಯಾಗು ಹೆಗಲಿಗೇರಿಸಿಕೊಂಡು, ಕ್ಲಾಸಿಗೆ ಕೂರದೆ ಇಳಿದು ಹೋದಳು.

ಮರುದಿನ ಬೆಳಗಿನ ಪಾಳಿ. ರಾತ್ರಿಯ ನರ್ಸು ಹಗಲಿನವರಿಗೆ ವಾರ್ಡು ಒಪ್ಪಿಸುವ ಹೊತ್ತು. ರಾತ್ರಿಯಿಡೀ ನಿಂತು ದಣಿದವಳು, ಬರೆದದ್ದನ್ನು ಒಂದೇ ಉಸಿರಿಗೆ ಓದುತ್ತಾ ಬಂದಳು. ಕಿಟಕಿ ಪಕ್ಕದ ಹಾಸಿಗೆ, ಜ್ವರ ಇಲ್ಲ, ಚೆನ್ನಾಗಿ ನಿದ್ರಿಸಿದರು, ಊರುಗೋಲು ಹಿಡಿದು ಸ್ವತಃ ನಡೆದಾಡಿದರು. ವ್ಯಾಯಾಮ ಮಾಡಿಸುವವನು ಅದನ್ನು ಕೇಳಿಸಿಕೊಂಡು, ಸರಿ ಹಾಗಿದ್ದರೆ ಎಂದು ಆ ಹಾಸಿಗೆಯ ಕಡೆಗೆ ನಡೆದ. ಮಲಗಿದ್ದ ಮುದುಕರ ಭುಜಕ್ಕೆ ಕೈ ಹಾಕಿ, “ಏಳಿ ತಾತಾ, ಒಂದು ಸುತ್ತು ಹೋಗೋಣ” ಎಂದ. ತಾತ ಪಾಪ, ಹೇಳಿದ್ದಕ್ಕೆಲ್ಲಾ ಹೂಂ ಎನ್ನುವ ಮನುಷ್ಯ. ಹೊದಿಕೆ ಸರಿಸಿ ಕಾಲು ಕೆಳಗಿಳಿಸತೊಡಗಿದರು.

ನರ್ಸಮ್ಮ ಮೂಲೆಯಲ್ಲಿ ಹಾಸು ಬದಲಿಸುತ್ತಿದ್ದವಳು ಹಾಸನ್ನು ಅಲ್ಲೇ ಬಿಟ್ಟು ಓಡಿದಳು. “ತಡೀರಿ! ನೆಲಕ್ಕೆ ಕಾಲಿಡಿಸಬೇಡಿ! ನಿನ್ನೆ ಮಧ್ಯಾಹ್ನ ಆಪರೇಷನ್ ಆಗಿದೆ, ಡಾಕ್ಟರು ಏಳಿಸಬಾರದು ಅಂದಿದ್ದಾರೆ!”

ತಾತನ ಪಾದ ನೆಲದಿಂದ ಒಂದು ಗೇಣು ಮೇಲಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಾಸಿಗೆಗೆ ಏರಿಸಿದಳು. ನಡೆದದ್ದು ಇಷ್ಟೇ: ಆ ಹಾಸಿಗೆಯಲ್ಲಿ ಮೊನ್ನೆವರೆಗೆ ಇದ್ದವರು ಮನೆಗೆ ಹೋಗಿದ್ದರು. ಅವರು ನಡೆದಾಡಿದ ಸಾಲು ಮಾತ್ರ ಹೊಸಬರ ವರದಿಗೆ ಹಾಗೇ ಇಳಿದಿತ್ತು. ರಾತ್ರಿಯ ನರ್ಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ದಿನಾ ಬರೆಯೋ ಸಾಲು... ಕೈ ತಾನಾಗೇ ಬರೆದುಬಿಡ್ತು” ಎಂದಳು.

ನರ್ಸಮ್ಮ ಬಿಟ್ಟ ಹಾಸನ್ನು ಮತ್ತೆ ಎತ್ತಿಕೊಂಡಳು. ಬಸ್ಸಿನ ಪ್ರಬಂಧಕ್ಕೆ ಮೊಬೈಲು ಬಂದದ್ದೂ ಹೀಗೆಯೇ ಅಲ್ಲವೇ ಎಂಬುದು ಆಗ ತಲೆಗೆ ಹೊಕ್ಕಿತು. ಹಿಂದಿನ ವಾರದ ಪ್ರಬಂಧದ ವಿಷಯ ಮೊಬೈಲು. ಅದರ ಸಾಲು ಹಾಸಿಗೆ ಬಿಟ್ಟು ಏಳದೆ ಉಳಿದುಕೊಂಡಿತ್ತು. ಕೈ ತಾನಾಗೇ ಬರೆದಿತ್ತು. ಅವಳು ನೋಡಿರಲೇ ಇಲ್ಲ.

ಸಂಜೆ ಮತ್ತೆ ಮೆಟ್ಟಿಲು ಹತ್ತಿದಳು. ಟೀಚರ್ ಎದುರಿನ ಕುರ್ಚಿ ತೋರಿಸಿದಳು.

“ಪೆನ್ನು ಕೆಳಗಿಡಿ ಅಕ್ಕಾ. ಬರೀ ಮಾತು. ಬಸ್ಸು ಪುಕ್ಕಟೆ ಮಾಡ್ಬೇಕಾ?”

“ಬೇಡ.”

“ಯಾಕೆ?”

“ಆ ದುಡ್ಡಲ್ಲಿ ಇನ್ನೊಂದಷ್ಟು ಬಸ್ಸು ಬಿಡಲಿ. ಪುಕ್ಕಟೆ ಬಸ್ಸು ಬರದೇ ಇದ್ರೆ ನೆಕ್ಕೋಕೆ ಬರುತ್ತಾ?”

ಟೀಚರ್ ಜೋರಾಗಿ ನಕ್ಕಳು. “ಕೊನೇ ಮಾತು ಬಿಟ್ಟು ಮಿಕ್ಕಿದ್ದನ್ನ ಬರೀರಿ. ನೀವು ಹಿಡ್ಕೊಳ್ಳೋ ಕಂಬಿ ಇದೇ. ಪ್ರಶ್ನೆ ಎರಡು ಸಲ ಓದಿ. ಹೌದು ಅಂತೀರೋ ಅಲ್ಲ ಅಂತೀರೋ ಮನಸಲ್ಲೇ ಹೇಳ್ಕೊಳ್ಳಿ. ಯಾಕೆ ಅಂತ ಕೇಳ್ಕೊಳ್ಳಿ, ಕಣ್ಣಾರೆ ಕಂಡ ಒಂದು ಉದಾಹರಣೆ ಹುಡುಕಿ. ಆಮೇಲೆ ಪೆನ್ನು.”

ಬರೆದ ಪ್ಯಾರಾದಲ್ಲಿ ತಪ್ಪುಗಳು ಹೆಚ್ಚಿದ್ದವು. ಸಿದ್ಧ ಪ್ರಬಂಧದಲ್ಲಿ ಇಷ್ಟು ಇರುತ್ತಿರಲಿಲ್ಲ. ನರ್ಸಮ್ಮನ ಮುಖ ಬಾಡಿತು. “ಈಗ ತಿದ್ದೋಕೆ ಏನೋ ಸಿಕ್ಕಿತು” ಎಂದು ಟೀಚರ್ ಪೆನ್ಸಿಲ್ ಎತ್ತಿಕೊಂಡಳು. ಶುಕ್ರವಾರದವರೆಗೂ ಅದೇ ಕೆಲಸ. ಮನೆಯಲ್ಲಿ ಗಂಡ ತಟ್ಟೆ ಮುಂದೆ ಕೂತು, “ಸಾರಿಗೆ ಉಪ್ಪು ಕಡಿಮೆ. ಯಾಕೆ? ನೀನು ಹಾಕಿಲ್ಲ” ಎಂದು ಹೊಸ ಪಾಠ ಒಪ್ಪಿಸಿದ.

ಶನಿವಾರ ಪರೀಕ್ಷೆಯ ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಎದೆಯೊಳಗೇ ಕೇಳಿದ ಹಾಗಿತ್ತು. ಪ್ರಬಂಧದ ಪ್ರಶ್ನೆ: ಶಾಲೆಯಲ್ಲಿ ಪ್ರತಿಯೊಂದು ಮಗುವಿಗೂ ಅಡುಗೆ ಕಲಿಸಬೇಕು, ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ಓದುತ್ತಿದ್ದಂತೆಯೇ ಕೈ ಓಡಿತು. ಇಂದಿನ ವೇಗದ ಯುಗದಲ್ಲಿ ಅಡುಗೆ ಬಿಸಿಬಿಸಿ... ಅಲ್ಲಿಗೆ ಅವಳು ನಿಂತಳು. ಹೊಡೆದುಹಾಕಿದಳು. ಅದರ ಕೆಳಗೆ ಹಾಳೆಯೆಲ್ಲಾ ಬಿಳಿ, ಮೊದಲ ಸಲದ ಹಾಗೆಯೇ. ಪಕ್ಕದವನು ಆಗಲೇ ಹಾಳೆ ತಿರುವುತ್ತಿದ್ದ.

ಪೆನ್ನು ಕೆಳಗಿಟ್ಟಳು. ಕಣ್ಣು ಮುಚ್ಚಿದಳು. ಕಲಿಸಬೇಕಾ? ಕಲಿಸಬೇಕು. ಯಾಕೆ? ಕಣ್ಣ ಮುಂದೆ ವಾರ್ಡು ಬಂತು. ಹೆಂಡತಿ ವಾರದ ಮಟ್ಟಿಗೆ ಊರಿಗೆ ಹೋದದ್ದಕ್ಕೆ ಬರೀ ಬಿಸ್ಕತ್ತಿನಲ್ಲಿ ಹೊಟ್ಟೆ ಹೊರೆದು, ಸಕ್ಕರೆ ಏರಿಸಿಕೊಂಡು ಬಂದು ಮಲಗಿದ ದೊಡ್ಡ ಮನುಷ್ಯ. ಒಲೆ ಹಚ್ಚಲು ಬರುವುದಿಲ್ಲವೆಂದು ಆತ ಹೆಮ್ಮೆಯಿಂದ ಹೇಳಿದ್ದ. ನರ್ಸಮ್ಮನಿಗೆ ಆ ಭಯದಲ್ಲೂ ನಗು ಬಂತು. ಪೆನ್ನು ಎತ್ತಿಕೊಂಡಳು. ಸಣ್ಣ ಸಣ್ಣ ವಾಕ್ಯಗಳು, ಒಂದರ ಕೈ ಒಂದು ಹಿಡಿದು ಬಂದವು. ಸಮಯವಾಯಿತು ಎಂದಾಗ ಕೊನೆಯ ಸಾಲಿಗೆ ಚುಕ್ಕೆ ಇಟ್ಟಳು. ಅಲ್ಲಿ ಅಡುಗೆಯೇ ಇದೆಯೇ, ಬೇರೇನಾದರೂ ನುಸುಳಿದೆಯೇ ಎಂದು ನೋಡಿಯೇ ಹಾಳೆ ಕೊಟ್ಟಳು.

ಫಲಿತಾಂಶ ಬರುವವರೆಗೆ ಅವಳಿಗೆ ಅನ್ನ ಸೇರಲಿಲ್ಲ. ಬಂದ ದಿನ ಗಂಡನೇ ಫೋನು ತೆರೆದು ನೋಡಿದ. ನೋಡಿ, ಬೆರಳಿಟ್ಟು ಇನ್ನೊಮ್ಮೆ ನೋಡಿದ.

“ಏನ್ರೀ? ಹೇಳ್ರೀ!”

“ಬೇಕಾದಷ್ಟೇ ಬಂದಿದೆ ಕಣೇ. ಒಂದು ಚೂರೂ ಜಾಸ್ತಿ ಇಲ್ಲ.”

ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ನೋಂದಣಿಯ ಕಾಗದ ಬಂದ ಮೇಲೆ ಕೆಳಗಿನ ವಾರ್ಡಿನಲ್ಲಿ ಒಂದು ಸುತ್ತು ಹೋಗಿ, ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿದಳು. ಕಿಟಕಿ ಪಕ್ಕದ ತಾತ ಅಷ್ಟು ಹೊತ್ತಿಗೆ ಊರುಗೋಲು ಹಿಡಿದು, ನಿಜವಾಗಿಯೂ ಸ್ವತಃ ನಡೆದಾಡುತ್ತಿದ್ದರು. “ಎಲ್ಲಿಗಮ್ಮಾ?” ಎಂದರು. “ಮೇಲಿನ ಮಹಡಿಗೆ ತಾತಾ” ಎಂದಳು. ಬಾಗಿಲವರೆಗೆ ಜೊತೆಗೆ ಬರುತ್ತೇನೆಂದು ಹಟ ಹಿಡಿದು ಬಂದರು. ಅಂದು ಮಂಗಳವಾರ. ಸಹಾಯಕಿಯ ನೀಲಿ ಬಟ್ಟೆ ಮಡಿಸಿ ಕೊಟ್ಟು, ನರ್ಸಮ್ಮ ಹೊರಟಳು.